ಹೆಸರಿಗೂ ಒಂದು ಊರು ಬೇಕು



ಹರಿಹರದಲ್ಲಿ ನನ್ನ ಅಕ್ಕನ ಮನೆ ಇದೆ. ಅಕ್ಕನ ಮಗ ಒಂದು ಕಾದಂಬರಿ ಬರೆಯುತ್ತಿದ್ದಾನೆ. ಅದು ನಮ್ಮ ಲೋಕದ ಕಥೆಯಲ್ಲ. ಅವನೇ ಕಟ್ಟಿಕೊಂಡ ಒಂದು ಲೋಕದ ಕಥೆ. ಅಲ್ಲಿ ಒಂದು ದೊಡ್ಡ ಹೊಳೆ ಇದೆ. ಹೊಳೆಯ ದಡದಲ್ಲಿ ಮೀನು ಹಿಡಿದು, ದೋಣಿ ಕಟ್ಟಿ ಬದುಕುವ ಒಂದು ಜನ ಇದ್ದಾರೆ. ದೂರದ ಬಯಲಿನಿಂದ ಗಾಡಿ ಹೂಡಿಕೊಂಡು ವ್ಯಾಪಾರಕ್ಕೆ ಬರುವ ಇನ್ನೊಂದು ಜನ ಇದ್ದಾರೆ.

ಹೋದ ಸಲ ಹೋದಾಗ ಅವನು ನೋಟ್‌ಬುಕ್ ತಂದು ಕೂತ. ‘ಮಾವ, ಪಾತ್ರಗಳ ಹೆಸರು ಓದ್ತೀನಿ, ಕೇಳು’ ಅಂದ. ಓದಿದ. ಝೋರ್ಡಾನ್. ಎಲ್ವಿನಾ. ವಜ್ರಕೇತು. ಚೆಲುವಿ. ಕ್ರೈಥಾರ್. ಒಂದೊಂದೂ ಕೇಳಲು ಚೆನ್ನಾಗಿಯೇ ಇತ್ತು. ಅಕ್ಕ ಒಳಗೆ ಅಕ್ಕಿ ಆರಿಸುತ್ತಿದ್ದಳು. ಅಲ್ಲಿಂದಲೇ ಕೇಳಿದಳು: ‘ಇವ್ರೆಲ್ಲ ಒಂದೇ ಊರಿನೋರೇನೋ?’

ಹೌದು, ಐವರೂ ಹೊಳೆ ದಡದ ಒಂದೇ ಊರಿನವರು. ಹುಡುಗ ಸುಮ್ಮನಾದ. ಅಕ್ಕ ಕಥೆ ಓದಿರಲಿಲ್ಲ. ಅವಳ ಕಿವಿಗೆ ಬರೀ ಹೆಸರು ಬಿದ್ದಿತ್ತು. ಅಷ್ಟರಲ್ಲೇ ಇವರು ಒಂದು ಊರಿನವರಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

ಈ ಹೊತ್ತು ನಾನು ಮಾತಾಡುವುದು ಇದೊಂದೇ ವಿಷಯ. ಕಲ್ಪನೆಯ ಲೋಕದ ಜನರಿಗೆ ಹೆಸರು ಕಟ್ಟುವುದು ಹೇಗೆ? ಒಂದು ಜನದ ಹೆಸರುಗಳೆಲ್ಲ ಒಂದೇ ಬಾಯಿಂದ ಬಂದಂತೆ ಕೇಳಬೇಕಾದರೆ ಏನು ಮಾಡಬೇಕು?

ಮೊದಲು ನಮ್ಮ ಸುತ್ತಲಿನ ಊರುಗಳ ಹೆಸರನ್ನೇ ಕೇಳಿ ನೋಡೋಣ. ಅಕ್ಕನ ಕಿವಿ ಪಳಗಿದ್ದು ಅವುಗಳಿಂದಲೇ.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 15 ಕಿಲೋಮೀಟರ್. ಈ ಎರಡೂರಿನ ಬಸ್‌ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತುಕೊಳ್ಳಿ. ಕಂಡಕ್ಟರುಗಳು ಕೂಗುವುದನ್ನು ಕೇಳಿ. ಮಲೆಬೆನ್ನೂರು. ಸಂತೆಬೆನ್ನೂರು. ರಾಣೆಬೆನ್ನೂರು. ಕೊಂಡಜ್ಜಿ. ಕಡಜ್ಜಿ. ಜಗಳೂರು. ಶಾಮನೂರು. ಆವರಗೆರೆ. ಮಾಯಕೊಂಡ. ಹೊನ್ನಾಳಿ. ಇವಕ್ಕೆಲ್ಲ ಒಂದೇ ಜಾಡಿದೆ. ಯಾವ ಹೆಸರೂ ವ್ಯಂಜನದಲ್ಲಿ ನಿಲ್ಲುವುದಿಲ್ಲ. ಎಲ್ಲದರ ಕೊನೆಗೂ ಸ್ವರ ಇದೆ. ಯಾವುದೂ ಒತ್ತಕ್ಷರದಿಂದ ಶುರುವಾಗುವುದಿಲ್ಲ. ನಡುವೆ ಒತ್ತು ಬಂದರೂ ಅದು ಅದೇ ಅಕ್ಷರದ ಒತ್ತು. ಬೆನ್ನೂರಿನ ‘ನ್ನ’ ಹಾಗೆ, ಕಡಜ್ಜಿಯ ‘ಜ್ಜ’ ಹಾಗೆ. ಇಲ್ಲದಿದ್ದರೆ ಅನುಸ್ವಾರ ಬರುತ್ತದೆ, ಕೊಂಡಜ್ಜಿಯ ‘ಕೊಂಡ’ದಂತೆ. ಮಹಾಪ್ರಾಣವಂತೂ ಒಂದೂ ಇಲ್ಲ.

ಇನ್ನೊಂದು ಗುಣವನ್ನೂ ಗಮನಿಸಿ. ‘ಳ’ ಇದೆ, ‘ಣ’ ಇದೆ. ಆದರೆ ಅವು ಹೆಸರಿನ ಮೊದಲಲ್ಲಿ ಬರುವುದಿಲ್ಲ. ಹೊನ್ನಾಳಿಯಲ್ಲಿ ‘ಳ’ ಕೊನೆಗಿದೆ. ದಾವಣಗೆರೆಯಲ್ಲಿ ‘ಣ’ ನಡುವಿದೆ. ಕನ್ನಡದ ಮಾತು ‘ಣ’ದಿಂದ, ‘ಳ’ದಿಂದ ಶುರುವಾಗುವುದೇ ಇಲ್ಲ. ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಆದರೂ ‘ಣಾಗೂರು’ ಎಂದು ಯಾರಾದರೂ ಕೂಗಿದರೆ ಬಸ್ಸಿನಲ್ಲಿದ್ದವರೆಲ್ಲ ತಲೆಯೆತ್ತಿ ನೋಡುತ್ತಾರೆ.

ಈ ಜಾಡಿಗೆ ಹೊರತಾದ ಹೆಸರೂ ಉಂಟು. ಹರಿಹರ ತಾಲ್ಲೂಕಿನಲ್ಲೇ ಭಾನುವಳ್ಳಿ ಇದೆ. ಮೊದಲಲ್ಲೇ ಮಹಾಪ್ರಾಣ! ‘ಭಾನು’ ಸಂಸ್ಕೃತದಿಂದ ಬಂದದ್ದು, ‘ಹಳ್ಳಿ’ ಇಲ್ಲಿಯದು. ನಿಯಮ ಮುರಿದ ಜಾಗದಲ್ಲಿ ಹೊರಗಿನವರು ಬಂದು ಹೋದ ಗುರುತು ಸಿಕ್ಕಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಒಂದು ಸೀಮೆಯ ಹೆಸರುಗಳಿಗೆ ಒಂದು ಉಲಿಯ ಕಟ್ಟು ಇರುತ್ತದೆ. ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು, ನಡುವೆ ಯಾವ ಅಕ್ಷರ ಕೂಡಬಹುದು ಎಂಬುದೇ ಆ ಕಟ್ಟು. ಈಗ ಅದೇ ಕಟ್ಟಿನಿಂದ ಹೊಳೆಯ ಜನರಿಗೆ ಹೆಸರು ಮಾಡೋಣ.

ನಾನೂ ಅಕ್ಕನ ಮಗನೂ ಹಾಳೆಯ ಮೇಲೆ ಮೂರೇ ಮಾತು ಬರೆದುಕೊಂಡೆವು. ಒಂದು, ಮಹಾಪ್ರಾಣ ಬೇಡ, ‘ಶ’, ‘ಷ’ ಬೇಡ. ಎರಡು, ಒತ್ತು ಬಂದರೆ ಅದೇ ಅಕ್ಷರದ ಒತ್ತು, ಇಲ್ಲವೇ ಅನುಸ್ವಾರ. ಮೂರು, ಗಂಡಸಿನ ಹೆಸರು ‘ಅ’ಕಾರದಲ್ಲಿ ಮುಗಿಯಬೇಕು, ಹೆಂಗಸಿನ ಹೆಸರು ‘ಎ’ಕಾರದಲ್ಲಿ ಮುಗಿಯಬೇಕು. ಮೂರಕ್ಕಿಂತ ಹೆಚ್ಚು ನಿಯಮ ಬೇಡ ಅಂತ ನಾನೇ ತಡೆದೆ. ಹತ್ತು ನಿಯಮ ಮಾಡಿದರೆ ಬರೆಯುವವನಿಗೇ ಮರೆತುಹೋಗುತ್ತದೆ.

ಆಮೇಲೆ ಅಕ್ಷರ ಜೋಡಿಸುತ್ತಾ ಹೋದೆವು. ಮದಿಲ. ನಿದುಣ. ಬೊಂದಳೆ. ಕುಸಳೆ. ಇವುಗಳಿಗೆ ಅರ್ಥವಿಲ್ಲ. ಆದರೆ ನಾಲ್ವರೂ ಒಂದೇ ದೋಣಿಯಿಂದ ಇಳಿದು ಬಂದಂತೆ ಕೇಳುತ್ತದೆ.

ಎಲ್ಲ ಹೆಸರೂ ಹೀಗೆ ಸಲೀಸಾಗಿ ಬರಲಿಲ್ಲ. ನಿಯಮಕ್ಕೆ ಸರಿಹೊಂದಿದ್ದೆಲ್ಲ ಹೆಸರಾಗುವುದಿಲ್ಲ. ‘ತೆವಳೆ’ ಎಂದು ಒಂದು ಬಂತು. ಮೂರೂ ನಿಯಮಕ್ಕೆ ಸರಿ. ಆದರೆ ಕೇಳಿದವನಿಗೆ ‘ತೆವಳು’ ನೆನಪಾಗುತ್ತದೆ. ಆ ಹೆಸರಿನ ನಾಯಕಿ ಎಷ್ಟೇ ನೆಟ್ಟಗೆ ನಡೆದರೂ ಓದುಗನ ಮನಸ್ಸಿನಲ್ಲಿ ನೆಲದ ಮೇಲೆ ತೆವಳುತ್ತಲೇ ಇರುತ್ತಾಳೆ. ಅದೇ ಕಟ್ಟಿನಲ್ಲಿ ‘ಬೆಣ್ಣೆ’ಯೂ ಬಂತು. ದಾವಣಗೆರೆಯಲ್ಲಿ ಆ ಪದ ಕೇಳಿದರೆ ದೋಸೆಯ ಕಾವಲಿ ಬಿಟ್ಟು ಬೇರೇನೂ ಕಣ್ಣಿಗೆ ಬರುವುದಿಲ್ಲ. ಎರಡನ್ನೂ ಹೊಡೆದು ಹಾಕಿದೆವು. ಕನ್ನಡದ ಕಟ್ಟಿನಿಂದ ಹೆಸರು ಮಾಡಿದರೆ ಕನ್ನಡದ ಪದ ತಾನಾಗಿ ಬಂದು ಕೂರುತ್ತದೆ. ಅದನ್ನು ಹೆಕ್ಕಿ ತೆಗೆಯುವ ಕೆಲಸವೂ ಬರೆಯುವವನದೇ.

ಈಗ ನೀವು ಕೇಳಬಹುದು. ಹೆಂಗಸಿನ ಹೆಸರು ‘ಎ’ಕಾರದಲ್ಲೇ ಯಾಕೆ ಮುಗಿಯಬೇಕು? ‘ಅ’ಕಾರ ಆದರೇನು? ಇದಕ್ಕೆ ಉತ್ತರ ನಮ್ಮ ವಿಭಕ್ತಿಯಲ್ಲಿದೆ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ಕಷ್ಟ ಇಲ್ಲ. ಅವನ ಹೆಸರು ವಾಕ್ಯದಲ್ಲಿ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ನಮ್ಮ ಹೆಸರಿಗೆ ಬಾಲ ಹತ್ತುತ್ತದೆ. ಅನ್ನು, ಇಂದ, ಗೆ, ಅಲ್ಲಿ.

ಬೊಂದಳೆಯನ್ನು ತೆಗೆದುಕೊಳ್ಳಿ. ಬೊಂದಳೆಯ ದೋಣಿ. ಬೊಂದಳೆಗೆ ಹಸಿವಾಯಿತು. ಬಾಯಲ್ಲಿ ಸಲೀಸಾಗಿ ಹೋಯಿತು. ಅದೇ ಹೆಸರನ್ನು ‘ಬೊಂದಳ’ ಎಂದು ಇಟ್ಟು ನೋಡಿ. ಬೊಂದಳಳ ದೋಣಿ. ಬೊಂದಳಳಿಗೆ ಹಸಿವಾಯಿತು. ನಾಲಿಗೆ ಎಡವಿತು, ಅಲ್ಲವೇ? ಸರಳ ಎಂಬ ಹೆಸರಿನವರು ನಿಮ್ಮ ಮನೆಯಲ್ಲಿದ್ದರೆ ಈ ಎಡವು ನಿಮಗೆ ಗೊತ್ತೇ ಇರುತ್ತದೆ. ‘ಸರಳಳಿಗೆ ಕೊಡು’ ಎನ್ನಲಾರದೆ ‘ಸರಳಂಗೆ ಕೊಡು’ ಎನ್ನುತ್ತೇವೆ. ಮಾತಿನಲ್ಲಿ ಹೀಗೆ ದಾಟಿಕೊಳ್ಳಬಹುದು. 300 ಪುಟದ ಕಾದಂಬರಿಯಲ್ಲಿ ನಾಯಕಿಯ ಹೆಸರು ಸಾವಿರ ಸಲ ಬಂದರೆ ಸಾವಿರ ಸಲವೂ ಎಡವಬೇಕಾಗುತ್ತದೆ.

ಹಾಗಾಗಿ ಹೆಸರು ಕಟ್ಟಿದ ಕೂಡಲೇ ಒಂದು ಪರೀಕ್ಷೆ ಮಾಡಿ. ಅದನ್ನು ನಾಲ್ಕು ವಾಕ್ಯದಲ್ಲಿ ಇಟ್ಟು ಜೋರಾಗಿ ಓದಿ. ಅವನು ಬಂದ, ಅವನನ್ನು ಕರೆದರು, ಅವನಿಗೆ ಹೇಳಿದರು, ಅವನ ಮನೆ. ನಾಲ್ಕರಲ್ಲೂ ನಾಲಿಗೆ ಹೊರಳಿದರೆ ಹೆಸರು ನಿಂತಿತು ಎಂದು ತಿಳಿಯಿರಿ.

ಹೊಳೆಯ ಜನರ ಹೆಸರಿಗೆ ಒಂದು ಕಟ್ಟಾಯಿತು. ಬಾಲ ಹತ್ತಿಸಿ ಪರೀಕ್ಷೆ ಮಾಡುವುದೂ ಆಯಿತು. ಇನ್ನು ಬಯಲಿನ ವರ್ತಕರ ಸರದಿ. ಇವರ ಹೆಸರು ಬೇರೆಯಾಗಿ ಕೇಳಬೇಕು. ಎಷ್ಟು ಬೇರೆ?

ಇಲ್ಲಿ ಒಂದು ಸುಲಭದ ದಾರಿ ಇದೆ. ಹೊಳೆಯವರು ಬಿಟ್ಟದ್ದನ್ನೆಲ್ಲ ಇವರಿಗೆ ಕೊಡುವುದು. ಅವರಿಗಿಲ್ಲದ ಮಹಾಪ್ರಾಣ ಇವರಿಗೆ. ಅವರಿಗಿಲ್ಲದ ‘ಶ’ ಇವರಿಗೆ. ಅವರ ಹೆಸರು ಸ್ವರದಲ್ಲಿ ಮುಗಿದರೆ ಇವರದು ವ್ಯಂಜನದಲ್ಲಿ ನಿಲ್ಲಲಿ. ಹೀಗೆ ಮಾಡಿದಾಗ ‘ಖರ್ಮಾಶ್’ ಎಂಬ ಹೆಸರು ಬಂತು. ಸಾಲು ಗಾಡಿಗಳ ಯಜಮಾನ ಅವನು. ಮದಿಲ, ಖರ್ಮಾಶ್. ಇಬ್ಬರೂ ಒಂದು ಪುಟದಲ್ಲಿ ಎದುರಾದರೆ ಯಾರು ಹೊಳೆಯವನು, ಯಾರು ಬಯಲಿನವನು ಎಂದು ಬೇರೆ ಹೇಳಬೇಕಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಗಡಸು ಉಲಿಯನ್ನೆಲ್ಲ ದುಷ್ಟರಿಗೆ ಕಟ್ಟಿ, ಮೆದು ಉಲಿಯನ್ನೆಲ್ಲ ಒಳ್ಳೆಯವರಿಗೆ ಹಂಚಬೇಡಿ. ‘ಬಾಹುಬಲಿ’ ಸಿನಿಮಾದಲ್ಲಿ ಕಾಲಕೇಯರ ಮಾತು ನಿಮಗೆ ನೆನಪಿರಬಹುದು. ಅದಕ್ಕೆ ಕಿಲಿಕಿ ಎಂದು ಹೆಸರು. ತಮಿಳಿನ ಚಿತ್ರಸಾಹಿತಿ ಮದನ್ ಕಾರ್ಕಿ ಅದನ್ನು ಕಟ್ಟಿದವರು. ನಾಲಿಗೆಯಿಂದ ಲೊಚಗುಟ್ಟುವ ಆ ಸದ್ದು ತೆರೆಯ ಮೇಲೆ ಭಯ ಹುಟ್ಟಿಸಿತು. ಸಿನಿಮಾಕ್ಕೆ ಅದು ಸರಿ. ಕಾದಂಬರಿಯಲ್ಲಿ ಹೀಗೆ ಮಾಡಿದರೆ ಹೆಸರು ಕೇಳಿದ ಕೂಡಲೇ ಕಳ್ಳ ಯಾರೆಂದು ಓದುಗನಿಗೆ ಗೊತ್ತಾಗಿಬಿಡುತ್ತದೆ. ನಮ್ಮ ಮಹಾಭಾರತ ಈ ತಪ್ಪು ಮಾಡಿಲ್ಲ. ಭೀಷ್ಮ, ಭೀಮ, ಧೃತರಾಷ್ಟ್ರ, ಘಟೋತ್ಕಚ. ಅಜ್ಜ, ಮೊಮ್ಮಗ, ಕುರುಡು ದೊರೆ, ರಾಕ್ಷಸಿಯ ಮಗ, ನಾಲ್ವರಿಗೂ ಮಹಾಪ್ರಾಣ ಇದೆ.

ಸರಿ, ಎರಡು ಜನ ಆಯಿತು, ಎರಡು ಕಟ್ಟು ಆಯಿತು. ಇನ್ನು ಇಬ್ಬರೂ ಸಂತೆಯಲ್ಲಿ ಭೇಟಿಯಾಗಬೇಕು. ಹೊಳೆಯವನ ಬಾಯಲ್ಲಿ ‘ಖರ್ಮಾಶ್’ ಹೊರಡುತ್ತದೆಯೇ? ಹೊರಡಬಾರದು. ಅವನ ಬಾಯಿಗೆ ‘ಖ’ ಇಲ್ಲ, ‘ಶ’ ಇಲ್ಲ. ಹಾಗಾದರೆ ಅವನು ಏನೆನ್ನುತ್ತಾನೆ?

ಇದಕ್ಕೆ ಉತ್ತರ ದಾವಣಗೆರೆಯಲ್ಲೇ ಇದೆ. ದಾವಣಗೆರೆಯ ನಗರದೇವತೆ ದುರ್ಗಾಂಬಿಕೆ. ಗುಡಿಯ ಬೋರ್ಡಿನಲ್ಲಿ ಹಾಗೆ ಬರೆದಿರುತ್ತಾರೆ. ಆದರೆ ಜನ ಹೋಗುವುದು ದುಗ್ಗಮ್ಮನ ಗುಡಿಗೆ, ಮಾಡುವುದು ದುಗ್ಗಮ್ಮನ ಜಾತ್ರೆ. ‘ರ್ಗ’ ಎಂಬುದು ‘ಗ್ಗ’ ಆಯಿತು. ಇದು ಬಾಯಿಗೆ ಬಂದಂತೆ ಆದದ್ದಲ್ಲ. ಕನ್ನಡ ಇಂಥ ಕಡೆ ಇದನ್ನೇ ಮಾಡುತ್ತದೆ. ಧರ್ಮ ದಮ್ಮವಾಯಿತು. ಬ್ರಹ್ಮ ಬೊಮ್ಮನಾದ. ವಿಷ್ಣು ಬಿಟ್ಟಿಯಾದ. ಹೊಯ್ಸಳರ ವಿಷ್ಣುವರ್ಧನನನ್ನು ಬಿಟ್ಟಿದೇವ ಎಂದು ಕರೆದದ್ದು ಹೀಗೆಯೇ. ಒಟ್ಟಿನಲ್ಲಿ ಹೊರಗಿನ ಹೆಸರು ನಮ್ಮ ಬಾಯಿಯ ಕಟ್ಟಿಗೆ ಇಳಿದು ಬಂತು. ಇದಕ್ಕೆ ನಮ್ಮ ವ್ಯಾಕರಣದಲ್ಲಿ ತದ್ಭವ ಎಂಬ ಹೆಸರಿದೆ.

13ನೇ ಶತಮಾನದಲ್ಲಿ ಆಂಡಯ್ಯ ಎಂಬ ಕವಿ ಈ ಕಟ್ಟನ್ನೇ ನೇಮವಾಗಿ ಹಿಡಿದ. ಸಂಸ್ಕೃತದ ಪದವನ್ನು ಇದ್ದ ಹಾಗೆ ಬಳಸುವುದಿಲ್ಲ ಎಂದು ಹಟ ತೊಟ್ಟು ಒಂದು ಕಾವ್ಯವನ್ನೇ ಬರೆದ. ಅಚ್ಚಗನ್ನಡದ ಪದ, ಇಲ್ಲವೇ ತದ್ಭವ, ಇವೆರಡೇ ಅಲ್ಲಿ. ಕಾವ್ಯದ ಹೆಸರು ‘ಕಬ್ಬಿಗರ ಕಾವ’. ಕವಿಗೆ ಅವನು ಕಬ್ಬಿಗ ಎಂದ. ಒಂದು ಕಟ್ಟನ್ನು ಹಿಡಿದು, ಎಲ್ಲೂ ಬಿಡದೆ, ಇಡೀ ಕೃತಿ ಬರೆಯಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ಖರ್ಮಾಶನನ್ನು ಹೊಳೆಯವನ ಬಾಯಿಗೆ ಹಾಕೋಣ. ಮೊದಲು ‘ಖ’ ಹೋಗಿ ‘ಕ’ ಆಗುತ್ತದೆ. ಆಮೇಲೆ ‘ರ್ಮ’ ಹೋಗಿ ‘ಮ್ಮ’ ಆಗುತ್ತದೆ. ಕೊನೆಯ ‘ಶ್’ ಹೋಗಿ ‘ಸ’ ಆಗುತ್ತದೆ, ಗಂಡಸಿನ ‘ಅ’ಕಾರವೂ ಬಂತು. ಖರ್ಮಾಶ್, ಕಮ್ಮಾಸ! ಒಬ್ಬನೇ ಮನುಷ್ಯ, ಎರಡು ಹೆಸರು. ಕಾದಂಬರಿಯ ಒಂದು ಅಧ್ಯಾಯದಲ್ಲಿ ಹೊಳೆಯ ಹುಡುಗಿ ಕುಸಳೆ ಅವನನ್ನು ‘ಕಮ್ಮಾಸ’ ಎನ್ನುತ್ತಾಳೆ. ವರ್ಷಗಳ ನಂತರ ಬಯಲಿನಲ್ಲಿ ಇದ್ದು ಬಂದು ‘ಖರ್ಮಾಶ್’ ಎನ್ನುತ್ತಾಳೆ. ಅವಳು ಎಲ್ಲಿ ಹೋಗಿದ್ದಳು, ಯಾರ ಜೊತೆ ಇದ್ದಳು ಎಂದು ವಿವರಿಸುವ ಅಗತ್ಯವಿಲ್ಲ. ಹೆಸರೇ ಹೇಳಿತು. ಇದನ್ನು ಕಂಡಾಗ ಅಕ್ಕನ ಮಗನ ಮುಖ ಅರಳಿತು.

ಖರ್ಮಾಶನಂಥ ಹೆಸರಿಗೆ ಬಾಲ ಹತ್ತಿಸುವಾಗ ಮಾತ್ರ ಜೋಕೆ. ಖರ್ಮಾಶನಿಗೆ ಎನ್ನಬಹುದು, ಖರ್ಮಾಶ್‌ಗೆ ಎನ್ನಬಹುದು. ನಮ್ಮ ರಮೇಶ್, ಸುರೇಶ್‌ಗಳಿಗೂ ಇದೇ ಗೊಂದಲ ಇದೆ. ಎರಡೂ ಸರಿ. ಆದರೆ ಮೊದಲ ಅಧ್ಯಾಯದಲ್ಲಿ ಒಂದು, ಐದನೆಯದರಲ್ಲಿ ಇನ್ನೊಂದು ಬೇಡ. ಯಾವುದು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಇಲ್ಲಿಗೆ ಎರಡು ಜನ ಎದುರುಬದುರಾಗಿ ನಿಂತರು. ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿ ಹೇಗೆ ಬದಲಾಗುತ್ತದೆ ಎಂದೂ ನೋಡಿದೆವು. ಇನ್ನೊಂದು ಬದಲಾವಣೆ ಬಾಕಿ ಇದೆ. ಅದು ಕಾಲದ ಬದಲಾವಣೆ.

ಹರಿಹರದ ಹರಿಹರೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿಯ ಶಾಸನಗಳನ್ನು ನೋಡಿರುತ್ತೀರಿ. ತುಂಗಭದ್ರೆಗೆ ಹರಿದ್ರಾ ಸೇರುವ ಊರು ಅದು. ಅದಕ್ಕೇ ಕೂಡಲೂರು ಎಂಬ ಹಳೆಯ ಹೆಸರು. ಆ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ. ಅವನ ಹೆಸರು ಪೋಲಾಳ್ವ. ಇನ್ನೊಮ್ಮೆ ಕೇಳಿ: ಪೋಲಾಳ್ವ. ಇದು ಕನ್ನಡದ ಹೆಸರೇ. ಕೊನೆಗಿರುವುದು ‘ಆಳ್ವ’, ಆಳುವವನು. ಆದರೆ ಇವತ್ತಿನ ಹೆಸರಲ್ಲ ಎಂದು ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಇಂಥ ಹೆಸರು ಹಳತಾಗಿ ಕೇಳಲು ಒಂದು ಕಾರಣ ಮೊದಲಕ್ಷರದ ಆ ‘ಪ’. ಹಳಗನ್ನಡದಲ್ಲಿ ‘ಪ’ದಿಂದ ಶುರುವಾಗುತ್ತಿದ್ದ ಎಷ್ಟೋ ಪದ ಇವತ್ತು ‘ಹ’ದಿಂದ ಶುರುವಾಗುತ್ತವೆ. ಪಳ್ಳಿ ಹಳ್ಳಿಯಾಯಿತು. ಪೊಸ ಹೊಸ ಆಯಿತು. ಪಾಲ್ ಹಾಲು ಆಯಿತು. 10ನೇ ಶತಮಾನದ ಸುಮಾರಿಗೆ ಶುರುವಾದ ಈ ಬದಲಾವಣೆ ಪೂರ್ತಿಯಾಗಲು ಮೂರು ನಾಲ್ಕು ಶತಮಾನ ಹಿಡಿಯಿತು. ಜೊತೆಗೆ, ವ್ಯಂಜನದಲ್ಲಿ ನಿಲ್ಲುತ್ತಿದ್ದ ಪದಕ್ಕೆ ಕೊನೆಯಲ್ಲಿ ಸ್ವರ ಸೇರಿತು. ಪಾಲ್ ಎಂಬಲ್ಲಿ ಎರಡೂ ಒಟ್ಟಿಗೆ ಆಗಿದೆ. ಎಲ್ಲ ‘ಪ’ವೂ ಹೋಗಲಿಲ್ಲ ಅನ್ನಿ. ಆಸ್ತಿಯ ‘ಪಾಲು’ ಹಾಗೇ ಉಳಿದಿದೆ. ಭಾಷೆಯಲ್ಲಿ ಹೀಗೆ ಒಂದೆರಡು ಉಳಿದುಕೊಳ್ಳುತ್ತವೆ.

ಇಂಗ್ಲಿಷಿನ ಲೇಖಕ ಟೋಲ್ಕಿನ್ ಮಾಡಿದ್ದೂ ಇದನ್ನೇ. 1954 ಮತ್ತು 55ರಲ್ಲಿ ಅವನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಂತು. ಅದರ ಎಲ್ಫ್‌ಗಳಿಗೆ ಅವನು ಎರಡು ಭಾಷೆ ಕಟ್ಟಿದ. ಒಂದಕ್ಕೆ ಫಿನ್ನಿಶ್ ಭಾಷೆಯ ಗುಂಗು, ಇನ್ನೊಂದಕ್ಕೆ ವೆಲ್ಶ್ ಭಾಷೆಯ ಗುಂಗು. ಆದರೆ ಎರಡೂ ಒಂದೇ ಹಳೆಯ ಬೇರಿನಿಂದ ಒಡೆದವು. ಮರಕ್ಕೆ ಒಂದರಲ್ಲಿ ‘ಆಲ್ದ’, ಇನ್ನೊಂದರಲ್ಲಿ ‘ಗಲದ್’. ಅವನು ಭಾಷಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. ನಮಗೆ ಅಷ್ಟು ಓದು ಬೇಕಾಗಿಲ್ಲ. ನಮ್ಮ ಕೈಯಲ್ಲೇ ‘ಪ’ ‘ಹ’ ಇದೆ.

ಹೊಳೆಯ ಜನರ ಮೂಲಪುರುಷನಿಗೆ ನಾವು ‘ಪಾದಿಲ್’ ಎಂದು ಹೆಸರಿಟ್ಟೆವು. 500 ವರ್ಷದ ನಂತರ ಹುಟ್ಟಿದ ಅವನ ವಂಶದ ಹುಡುಗ ‘ಹಾದಿಲ’. ‘ಪ’ ಹೋಗಿ ‘ಹ’ ಬಂತು, ಕೊನೆಗೆ ಗಂಡಸಿನ ‘ಅ’ಕಾರ ಸೇರಿತು. ಇವನಿಗೆ ಅವನ ಹೆಸರನ್ನೇ ಇಟ್ಟಿದ್ದಾರೆ ಎಂದು ಕಥೆಯಲ್ಲಿ ಯಾರೂ ಹೇಳುವುದಿಲ್ಲ. ಊರಿನ ಹಳೆಯ ಕಲ್ಲಿನ ಮೇಲೆ ‘ಪಾದಿಲ್’ ಎಂಬ ಹೆಸರನ್ನು ಹಾದಿಲ ಬೆರಳಿನಿಂದ ತಡವುವ ಒಂದು ಸನ್ನಿವೇಶ ಇದೆ, ಅಷ್ಟೇ.

ಮೂಲಪುರುಷನಿಗೆ ಒಬ್ಬ ಅಕ್ಕ ಬೇಕಿತ್ತು. ಹುಡುಗ ‘ಪೆಣಿಲ್’ ಎಂದು ಇಟ್ಟ. ಕೇಳಲು ಇಂಪಾಗಿತ್ತು. ಅವಳ ಹೆಸರು ಹೊತ್ತ ಮೊಮ್ಮಗಳ ಮೊಮ್ಮಗಳು ‘ಹೆಣಿಲೆ’. ಅವನು ಇದನ್ನು ಓದಿದ್ದೇ ತಡ, ಅಕ್ಕ ಮತ್ತೆ ಒಳಗಿನಿಂದ ಅಂದಳು: ‘ಏ, ಹೆಣ ಅಂದಂಗೆ ಕೇಳ್ತದಲ್ಲೋ, ಬ್ಯಾಡ ತೆಗಿ.’ ನಿಜ. ಹಳಗನ್ನಡದ ‘ಪೆಣ’ವೇ ಇವತ್ತಿನ ‘ಹೆಣ’. ನಿಯಮ ಒಂದೂ ತಪ್ಪಿರಲಿಲ್ಲ. ಆದರೂ ಹೆಸರು ಹೋಯಿತು. ಹಳೆಯ ಹೆಸರನ್ನು ಕಟ್ಟುವಾಗ ಅದರ ಹೊಸ ರೂಪವನ್ನೂ ಆಗಲೇ ಬಾಯಿಬಿಟ್ಟು ಹೇಳಿ ನೋಡಬೇಕು ಎಂದು ನಾವು ಕಲಿತದ್ದು ಅಲ್ಲಿ.

ಇದುವರೆಗೆ ಮೂರು ಕೆಲಸ ಆಯಿತು. ಒಂದು ಜನಕ್ಕೆ ಒಂದು ಕಟ್ಟು, ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿ, ಹಳೆಯ ಹೆಸರು ಹೊಸ ಕಾಲದಲ್ಲಿ. ನನಗಿರುವ ಸಮಯದಲ್ಲಿ ಇನ್ನೊಂದು ಚಿಕ್ಕ ಮಾತಿಗೆ ಜಾಗವಿದೆ.

ಕಟ್ಟು ಬಿಗಿಯಾದಷ್ಟೂ ಹೆಸರುಗಳು ಒಂದರಂತೆ ಒಂದು ಕೇಳತೊಡಗುತ್ತವೆ. ಹರಿಹರ ಎಂಬ ಹೆಸರನ್ನೇ ನೋಡಿ. ಹರಿ, ಹರ. ಒಂದು ಸ್ವರದಷ್ಟೇ ಅಂತರ. ಅರ್ಧ ಮೈ ವಿಷ್ಣು, ಅರ್ಧ ಮೈ ಶಿವನಾದ ಒಂದೇ ದೇವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆ! ಎರಡು ಹೆಸರು ಒಂದರೊಳಗೊಂದು ಕರಗಿಹೋಗಬೇಕು ಎಂಬುದೇ ಅಲ್ಲಿಯ ಉದ್ದೇಶ. ಕಾದಂಬರಿಯಲ್ಲಿ ಅಣ್ಣ ಹರಿ, ತಮ್ಮ ಹರ ಎಂದು ಇಟ್ಟರೆ ಓದುಗನಿಗೆ ಹತ್ತನೇ ಪುಟದಲ್ಲಿ ಯಾರು ಯಾರೆಂದು ತಪ್ಪಿಹೋಗುತ್ತದೆ. ಬೊಂದಳೆ, ಬೊಗಳೆ ಒಟ್ಟಿಗೆ ಬೇಡ. ಮದಿಲ, ಮುದಿಲ ಬೇಡ. ಮುಖ್ಯ ಪಾತ್ರಗಳ ಮೊದಲಕ್ಷರ ಬೇರೆ ಬೇರೆ ಇರಲಿ, ಉದ್ದವೂ ಬೇರೆ ಇರಲಿ. ಒಬ್ಬನಿಗೆ ಎರಡಕ್ಷರವಾದರೆ ಅವನ ಜೊತೆಯಲ್ಲೇ ಓಡಾಡುವವನಿಗೆ ನಾಲ್ಕಕ್ಷರ ಇರಲಿ.

ಅಕ್ಕನ ಮಗ ಮೊದಲ ಪಟ್ಟಿಯಲ್ಲಿದ್ದ ಐದು ಹೆಸರಲ್ಲಿ ನಾಲ್ಕನ್ನು ಬಿಟ್ಟ. ‘ಚೆಲುವಿ’ಯನ್ನು ಮಾತ್ರ ಉಳಿಸಿಕೊಳ್ಳುತ್ತೇನೆ ಎಂದು ಹಟ ಮಾಡಿದ. ಅದು ‘ಇ’ಕಾರದಲ್ಲಿ ಮುಗಿಯುತ್ತದೆ, ನಮ್ಮ ಮೂರನೇ ನಿಯಮಕ್ಕೆ ಹೊಂದುವುದಿಲ್ಲ. ಅವನು ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ಬಂದು ಹೇಳಿದ: ‘ಮಾವ, ಅವಳು ಹೊಳೆಯಾಚೆ ಹುಟ್ಟಿದವಳು. ಮಗುವಾಗಿದ್ದಾಗ ದೋಣಿಯಲ್ಲಿ ಸಿಕ್ಕಳು.’ ಮುರಿದ ನಿಯಮದಿಂದ ಅವನಿಗೆ ಹೊಸ ಅಧ್ಯಾಯವೇ ಸಿಕ್ಕಿತ್ತು. ಭಾನುವಳ್ಳಿಯ ಮಾತು ನೆನಪಿಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದೆನಲ್ಲ, ಅದು ಇದಕ್ಕೇ.

ಕೇಳುಗರೇ, ನಿಮ್ಮಲ್ಲಿ ಯಾರಾದರೂ ಇಂಥ ಕಥೆ ಬರೆಯುತ್ತಿದ್ದರೆ ನನ್ನದೊಂದು ಕೋರಿಕೆ. ಮೊದಲ ಅಧ್ಯಾಯಕ್ಕೆ ಕೈಹಚ್ಚುವ ಮುಂಚೆ ಹೆಸರುಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆಯಿರಿ. ಕಥೆ ಗೊತ್ತಿಲ್ಲದ ಮನೆಯವರ ಮುಂದೆ ಜೋರಾಗಿ ಓದಿ. ಯಾರು ಯಾವ ಊರಿನವರು ಎಂದು ಅವರನ್ನೇ ಕೇಳಿ. ಅವರು ತಪ್ಪು ಊರು ಹೇಳಿದ ಹೆಸರಿನ ಮೇಲೆ ಗೆರೆ ಎಳೆದು, ಮತ್ತೆ ಶುರುಮಾಡಿ.